ಹೆಸರಿನಲ್ಲಿ ‘ಮೇನ್’ ಇದ್ದ ಮಾತ್ರಕ್ಕೆ ಅದು ಮೇನ್ ರೋಡ್ ಆಗುವುದಿಲ್ಲ

ಪ್ರಶ್ನೆ: ಸರ್, ಹೋದ ವಾರ ನಮ್ಮ ಲೇಔಟ್‌ನಲ್ಲಿ 7ನೇ ಮೇನ್‌ನಲ್ಲಿ ಕಾರು ಓಡಿಸಿಕೊಂಡು ಹೋಗ್ತಿದ್ದೆ. ಬಲಗಡೆ 4ನೇ ಕ್ರಾಸ್‌ನಿಂದ ಒಬ್ಬ ಹುಡುಗ ಸ್ಕೂಟರ್‌ನಲ್ಲಿ ಬಂದು ನನ್ನ ಮುಂದಿನ ಬಾಗಿಲಿಗೆ ಗುದ್ದಿದ. ನಾನು ಇಪ್ಪತ್ತೈದರಲ್ಲಿದ್ದೆ ಅಷ್ಟೇ. ಅಲ್ಲಿ ಸಿಗ್ನಲ್ ಇಲ್ಲ, ಬೋರ್ಡ್ ಇಲ್ಲ, ಒಂದು ಗೆರೆ ಕೂಡ ಇಲ್ಲ. ಎರಡೂ ಮೂವತ್ತಡಿ ರಸ್ತೆ. ನಾನು ಮೇನ್‌ನಲ್ಲಿದ್ದೆ, ಅವನು ಕ್ರಾಸ್‌ನಿಂದ ಬಂದ, ಗುದ್ದಿದ್ದೂ ಅವನೇ. ಆದರೆ ಸೇರಿದ ಜನ ಕಾರಿನವರದ್ದೇ ತಪ್ಪು ಅಂದರು. ನಿಜವಾಗಿ ಅಲ್ಲಿ ಮೊದಲು ಹೋಗೋ ಹಕ್ಕು ಯಾರದು?

ಉತ್ತರ: ಸ್ಕೂಟರ್ ಹುಡುಗನದು. ನಿಮಗೆ ಬೇಜಾರಾಗಬಹುದು, ಆದರೆ ಸುತ್ತಿ ಬಳಸಿ ಹೇಳಿ ಉಪಯೋಗವಿಲ್ಲ. ಅವನು ನಿಮ್ಮ ಬಲಗಡೆಯಿಂದ ಬಂದ ಅನ್ನುವ ಒಂದೇ ಕಾರಣಕ್ಕೆ ನೀವು ನಿಂತು ಅವನನ್ನು ಬಿಡಬೇಕಿತ್ತು. ಕಾರು ದೊಡ್ಡದು, ಸ್ಕೂಟರ್ ಚಿಕ್ಕದು ಅಂತ ಜನ ಕೊಟ್ಟ ಕಾರಣ ತಪ್ಪು. ತೀರ್ಪು ಮಾತ್ರ ಹೆಚ್ಚುಕಡಿಮೆ ಸರಿ. ಹೆಚ್ಚುಕಡಿಮೆ ಅಂತ ಯಾಕೆ ಅಂದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೊದಲು ಕಾನೂನಿನಲ್ಲಿ ಏನಿದೆ ನೋಡೋಣ. 1989ರಲ್ಲಿ ಬಂದ ರಸ್ತೆ ನಿಯಮಗಳಲ್ಲಿ 8 ಮತ್ತು 9ನೇ ನಿಯಮಗಳು ಅಕ್ಕಪಕ್ಕದಲ್ಲಿದ್ದವು. ಎಂಟನೆಯದು ಹೇಳಿದ್ದು ಇಷ್ಟು: ಯಾವುದೇ ಜಂಕ್ಷನ್ ಹತ್ತಿರ ಬರುವಾಗ ನಿಧಾನ ಮಾಡಿ, ಅಲ್ಲಿರುವವರಿಗೆ ಅಪಾಯವಿಲ್ಲ ಅಂತ ಖಾತ್ರಿಯಾದ ಮೇಲೇ ಒಳಗೆ ಹೋಗಿ. ಒಂಬತ್ತನೆಯದು ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದರ ಬಗ್ಗೆ. ಪೊಲೀಸರಾಗಲಿ ಸಿಗ್ನಲ್ ಆಗಲಿ ಇಲ್ಲದ ಜಂಕ್ಷನ್‌ನಲ್ಲಿ, ನೀವು ಸೇರುತ್ತಿರುವುದು ಮೇನ್ ರೋಡ್ ಅಂತ ಗೊತ್ತುಪಡಿಸಿದ ರಸ್ತೆಯಾದರೆ ಅದರಲ್ಲಿ ಹೋಗುತ್ತಿರುವ ಗಾಡಿಗಳಿಗೆ ದಾರಿ ಬಿಡಬೇಕು. ಉಳಿದ ಎಲ್ಲ ಕಡೆ, ನಿಮ್ಮ ಬಲಗಡೆಯಿಂದ ಬರುತ್ತಿರುವ ಗಾಡಿಗಳಿಗೆ ದಾರಿ ಬಿಡಬೇಕು. 2017ರಲ್ಲಿ ಇವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು. ಬಲಗಡೆಯವರಿಗೆ ದಾರಿ ಅನ್ನುವುದು ಹಾಗೇ ಉಳಿಯಿತು.

ಇಪ್ಪತ್ತು ವರ್ಷದಿಂದ ಡ್ರೈವಿಂಗ್ ಹೇಳಿಕೊಡುತ್ತಿದ್ದೇನೆ. ಲೈಸೆನ್ಸ್ ತೆಗೆದುಕೊಂಡು ಹತ್ತು ವರ್ಷವಾದವರನ್ನು ಕೇಳಿದರೂ ಈ ಒಂದು ಸಾಲು ಗೊತ್ತಿರುವುದಿಲ್ಲ. ಅವರ ಉತ್ತರ ಹೆಚ್ಚಾಗಿ ಮೂರರಲ್ಲಿ ಒಂದು: ಮೇನ್‌ನವರು ಮೊದಲು, ಮೂಗು ತೂರಿಸಿದವರು ಮೊದಲು, ಅಥವಾ ದೊಡ್ಡ ಗಾಡಿ ಮೊದಲು. ಮೂರೂ ನಿಯಮದಲ್ಲಿ ಇಲ್ಲ.

ನಿಮ್ಮನ್ನು ದಾರಿ ತಪ್ಪಿಸಿದ್ದು ಮೊದಲನೆಯದು. ಇದು ನಮ್ಮ ಬೆಂಗಳೂರಿನದೇ ತಮಾಷೆ. ಇಲ್ಲಿ ಲೇಔಟ್ ಮಾಡುವಾಗ ಒಂದು ದಿಕ್ಕಿಗೆ ಹೋಗುವ ರಸ್ತೆಗಳಿಗೆಲ್ಲ ಮೇನ್ ಅಂತ, ಅವನ್ನು ಅಡ್ಡ ಕತ್ತರಿಸುವ ರಸ್ತೆಗಳಿಗೆ ಕ್ರಾಸ್ ಅಂತ ನಂಬರ್ ಕೊಟ್ಟುಕೊಂಡು ಹೋದರು. ಅದು ವಿಳಾಸ ಹುಡುಕುವವರಿಗೆ, ಪೋಸ್ಟ್‌ಮ್ಯಾನ್‌ಗೆ ಅನುಕೂಲವಾಗಲಿ ಅಂತ ಮಾಡಿದ ಲೆಕ್ಕ. ಯಾರು ಮೊದಲು ಹೋಗಬೇಕು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಲ್ಲೇಶ್ವರವನ್ನೇ ನೋಡಿ. 18ನೇ ಕ್ರಾಸ್‌ನಲ್ಲಿ ಬಸ್ ನಿಲ್ದಾಣವೇ ಇದೆ. ಅದೇ ಬಡಾವಣೆಯ ಎಷ್ಟೋ ಮೇನ್‌ಗಳಲ್ಲಿ ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಹೋಗಬೇಕು. ಅಲ್ಲಿಯ ದೊಡ್ಡ ರಸ್ತೆಗಳಾದ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳ ಹೆಸರಿನಲ್ಲಿ ಮೇನ್ ಅನ್ನುವ ಪದವೇ ಇಲ್ಲ.

ನಿಯಮದಲ್ಲಿರುವುದು ‘ಮೇನ್ ರೋಡ್ ಅಂತ ಗೊತ್ತುಪಡಿಸಿದ’ ರಸ್ತೆ. ಅದನ್ನು ಓಡಿಸುವವರಿಗೆ ತಿಳಿಸುವುದು ಬೋರ್ಡು ಮತ್ತು ಗೆರೆ. ಚಿಕ್ಕ ರಸ್ತೆಯ ಬಾಯಲ್ಲಿ ಎಂಟು ಮೂಲೆಯ ಕೆಂಪು ಸ್ಟಾಪ್ ಬೋರ್ಡ್ ಇರಬಹುದು. ತಲೆಕೆಳಗಾದ ತ್ರಿಕೋನದ ‘ದಾರಿ ಬಿಡಿ’ ಬೋರ್ಡ್ ಇರಬಹುದು. ರಸ್ತೆಗೆ ಅಡ್ಡಲಾಗಿ ಬಿಳಿ ಗೆರೆ ಇರಬಹುದು. ಇವು ಯಾವ ಕಡೆ ಇವೆಯೋ ಆ ಕಡೆಯವರು ಕಾಯಬೇಕು. ಮೂಲೆಯಲ್ಲಿ ಹಸಿರು ಬಣ್ಣ ಬಳಿದು ‘7ನೇ ಮೇನ್’ ಅಂತ ಬರೆದ ಕಲ್ಲು ಇವುಗಳ ಸಾಲಿಗೆ ಸೇರುವುದಿಲ್ಲ. ಹಂಪ್ ಕೂಡ ಸೇರುವುದಿಲ್ಲ. ‘ಅವರ ರಸ್ತೆಗೆ ಹಂಪ್ ಇದೆ, ನಮ್ಮ ರಸ್ತೆಗೆ ಇಲ್ಲ, ಹಾಗಾದರೆ ನಾವೇ ಮೊದಲು’ ಅಂತ ವಾದ ಮಾಡುವವರನ್ನು ನೋಡಿದ್ದೇನೆ. ಹಂಪ್ ವೇಗ ಇಳಿಸುವುದಕ್ಕೆ ಇರುವುದು, ಹಕ್ಕು ಹಂಚುವುದಕ್ಕಲ್ಲ.

ಹಾಗಂತ ಎಂಬತ್ತಡಿ ರಸ್ತೆಯಲ್ಲಿ ಬಸ್ಸುಗಳು ಓಡುತ್ತಿರುವಾಗ, ಪಕ್ಕದ ಓಣಿಯಿಂದ ‘ನಾನು ಅವರ ಬಲಗಡೆ ಇದ್ದೇನೆ’ ಅಂತ ನುಗ್ಗಲು ಹೋಗಬೇಡಿ. ಬೋರ್ಡ್ ಇಲ್ಲದಿದ್ದರೂ ಅದು ದೊಡ್ಡ ರಸ್ತೆ ಅನ್ನುವುದು ಯಾರಿಗಾದರೂ ಕಾಣುತ್ತದೆ. ನಾನು ಹೇಳುತ್ತಿರುವುದು ನಿಮ್ಮದರ ಹಾಗೆ ಎರಡೂ ಸಮಸಮ ಇರುವ ರಸ್ತೆಗಳ ಮಾತು.

ಬಲಗಡೆಯವರೇ ಯಾಕೆ, ಎಡಗಡೆಯವರು ಯಾಕಲ್ಲ? ಒಂದು ಮಟ್ಟಿಗೆ ಇದು ಸುಮ್ನೆ ಒಪ್ಪಿಕೊಂಡ ಪದ್ಧತಿ. ರಸ್ತೆಯ ಬಲಬದಿಯಲ್ಲಿ ಓಡಿಸುವ ಫ್ರಾನ್ಸ್‌ನಲ್ಲೂ ಬಲಗಡೆಯವರಿಗೇ ಮೊದಲ ದಾರಿ. ನಮ್ಮ ಹಾಗೆ ಎಡಬದಿಯಲ್ಲಿ ಓಡಿಸುವ ಬ್ರಿಟನ್‌ನಲ್ಲಿ ಗುರುತಿಲ್ಲದ ಜಂಕ್ಷನ್‌ನಲ್ಲಿ ಯಾರಿಗೂ ಆದ್ಯತೆ ಇಲ್ಲ. ಪದ್ಧತಿಯ ಲಾಭ ಏನೆಂದರೆ ಇಬ್ಬರು ಅಡ್ಡಡ್ಡ ಬಂದಾಗ ಉತ್ತರ ಒಂದೇ ಸಿಗುತ್ತದೆ. ನಾನು ನಿಮ್ಮ ಬಲಗಡೆ ಇದ್ದರೆ ನೀವು ನನ್ನ ಎಡಗಡೆ ಇರಲೇಬೇಕು. ಇಬ್ಬರಿಗೂ ಹಕ್ಕಿದೆ ಅಥವಾ ಇಬ್ಬರಿಗೂ ಇಲ್ಲ ಅನ್ನುವ ಪರಿಸ್ಥಿತಿ ಬರುವುದಿಲ್ಲ.

ಆದರೆ ಎಡಬದಿಯಲ್ಲಿ ಓಡಿಸುವ ನಮಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ನಿಮ್ಮ ಅಪಘಾತ ಅರ್ಥವಾಗಬೇಕಾದರೆ ಅದನ್ನೇ ನೋಡಬೇಕು. ಒಂದು ಹಾಳೆ ತೆಗೆದುಕೊಂಡು ಎರಡು ರಸ್ತೆಗಳನ್ನು ಕೂಡಿಸುವ ಗುರುತಿನ ಹಾಗೆ ಬರೆಯಿರಿ. ನೀವು ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದೀರಿ. ಬಲಗಡೆಯಿಂದ ಬರುವವನು ತನ್ನ ಎಡಬದಿ ಹಿಡಿದರೆ, ಅಡ್ಡ ರಸ್ತೆಯಲ್ಲಿ ನಿಮಗೆ ಹತ್ತಿರದ ಅರ್ಧದಲ್ಲಿ ಬರುತ್ತಾನೆ. ಎಡಗಡೆಯಿಂದ ಬರುವವನು ಆಚೆಯ ಅರ್ಧದಲ್ಲಿ ಬರುತ್ತಾನೆ. ಅಂದರೆ ನೀವು ಜಂಕ್ಷನ್‌ಗೆ ಮೂಗು ಹಾಕಿದ ತಕ್ಷಣ ಎದುರಾಗುವುದು ಬಲಗಡೆಯವನು. ಅವನಿಗೆ ದಾರಿ ಬಿಡಲು ನೀವು ಅಂಚಿನಲ್ಲೇ ನಿಂತರೆ ಸಾಕು, ಜಂಕ್ಷನ್ ನಡುವೆ ಹೋಗಿ ನಿಲ್ಲಬೇಕಾಗಿಲ್ಲ.

ಈಗ ನಿಮ್ಮ ಮೂಲೆಗೆ ಬರೋಣ. ನಮ್ಮ ಮನೆ ಹತ್ತಿರ ಅಂಥದ್ದೇ ಒಂದು ಮೂಲೆ ಇದೆ. ಒಂದು ಭಾನುವಾರ ಬೆಳಗ್ಗೆ ಟೇಪ್ ಹಿಡಿದು ಅಳೆದಿದ್ದೆ. ಎಳನೀರು ಮಾರುವವರು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡಿದ್ದರು. ಮೂವತ್ತಡಿ ರಸ್ತೆ ಅಂದರೆ ಚರಂಡಿಯನ್ನೂ ಸೇರಿಸಿ ಈ ಕಾಂಪೌಂಡ್‌ನಿಂದ ಆ ಕಾಂಪೌಂಡ್‌ಗೆ ಒಂಬತ್ತು ಮೀಟರ್. ಮೂಲೆ ಮನೆಯ ಗೋಡೆ ಎದೆಯೆತ್ತರ, ಅದರ ಮೇಲೆ ಬೋಗನ್‌ವಿಲ್ಲಾ ಬಳ್ಳಿ. ಆ ಗೋಡೆಯ ಆಚೆ ಏನಿದೆ ಅಂತ ಕಾರಿನಲ್ಲಿ ಕೂತವರಿಗೆ ಕಾಣುವುದಿಲ್ಲ.

ಕಾರಿನಲ್ಲಿ ನಿಮ್ಮ ಕಣ್ಣು ಬಾನೆಟ್ ತುದಿಯಿಂದ ಸುಮಾರು ಎರಡು ಮೀಟರ್ ಹಿಂದಿರುತ್ತದೆ. ಬಲಗಡೆ ಕಾಂಪೌಂಡ್‌ನಿಂದ ಐದು ಮೀಟರ್ ದೂರ, ಎಡಗಡೆಯದರಿಂದ ನಾಲ್ಕು ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಅಡ್ಡ ಬರುವವರು ತಮ್ಮ ಎಡಗಡೆಯ ಗೋಡೆಯಿಂದ ಎರಡೂವರೆ ಮೀಟರ್ ಬಿಟ್ಟು ಬರುತ್ತಿದ್ದಾರೆ ಅನ್ನೋಣ. ಕಾರಿನ ಮೂಗು ಸರಿಯಾಗಿ ಮೂಲೆಯ ಗೋಡೆಯ ಸಾಲಿಗೆ ಬಂದಾಗ, ಗೋಡೆಯ ಅಂಚಿನಿಂದ ಆಚೆಗೆ ಒಂದು ದಾರ ಎಳೆದು ನೋಡಿದರೆ, ಎಡಗಡೆ ಬರುವ ಗಾಡಿ ಹದಿನೇಳು ಮೀಟರ್ ದೂರದಿಂದಲೇ ಕಾಣುತ್ತದೆ. ಬಲಗಡೆಯದು ಕಾಣುವುದು ಹನ್ನೊಂದು ಮೀಟರ್‌ಗೆ. ಬಲಗಡೆಯವನು ಗೋಡೆಯ ಮಗ್ಗುಲಿಗೇ ಬರುತ್ತಾನಲ್ಲ, ಅದಕ್ಕೆ. ಮೊದಲು ಅಡ್ಡ ಸಿಗುವವನೂ ಅವನೇ, ತಡವಾಗಿ ಕಾಣುವವನೂ ಅವನೇ. ಆದ್ದರಿಂದ ಕಾಯಬೇಕಾದ್ದು ಅವನಿಗಾಗಿ.

ನೀವು ಇಪ್ಪತ್ತೈದರಲ್ಲಿದ್ದೆ ಅಂದಿರಿ. ಅಂದರೆ ಸೆಕೆಂಡಿಗೆ ಏಳು ಮೀಟರ್. ಹುಡುಗ ಮೂವತ್ತರಲ್ಲಿದ್ದ ಅಂತ ಊಹಿಸೋಣ. ಅದು ಸೆಕೆಂಡಿಗೆ ಎಂಟು ಮೀಟರ್ ದಾಟುತ್ತದೆ. ಸ್ಕೂಟರ್ ನಿಮ್ಮ ಮುಂದಿನ ಬಾಗಿಲಿಗೆ ತಗುಲಿದೆ, ಅಂದರೆ ನಿಮ್ಮ ಬಾನೆಟ್ ಅವನ ದಾರಿಯನ್ನು ಆಗಲೇ ದಾಟಿತ್ತು. ಈ ಲೆಕ್ಕವನ್ನು ಹಿಂದಕ್ಕೆ ಓಡಿಸಿದರೆ, ನೀವಿಬ್ಬರೂ ಒಬ್ಬರಿಗೊಬ್ಬರು ಮೊದಲು ಕಂಡದ್ದು ಗುದ್ದುವುದಕ್ಕೆ ಸುಮಾರು 0.9 ಸೆಕೆಂಡ್ ಮುಂಚೆ. ಪೂರ್ತಿ ಒಂದು ಸೆಕೆಂಡ್ ಕೂಡ ಇಲ್ಲ. ಸಾಮಾನ್ಯವಾಗಿ ಕಣ್ಣು ಕಂಡು ಕಾಲು ಬ್ರೇಕ್ ಮೇಲೆ ಹೋಗುವುದಕ್ಕೇ ಒಂದು ಸೆಕೆಂಡ್ ಹಿಡಿಯುತ್ತದೆ. ನಿಮ್ಮ ಕಾರಿನ ಹಿಂದೆ ಬ್ರೇಕ್ ಗುರುತು ಬಿದ್ದಿರಲಾರದು. ಬಿದ್ದಿದ್ದರೂ ಗುದ್ದಿದ ಜಾಗದಿಂದ ಮುಂದಕ್ಕೆ ಇರಬೇಕು. ‘ಎಲ್ಲಿಂದ ಬಂದನೋ ಗೊತ್ತೇ ಆಗಲಿಲ್ಲ’ ಅಂತ ನಿಮಗೆ ಅನ್ನಿಸಿದ್ದರೆ ಅದು ಸುಳ್ಳಲ್ಲ. ಗೊತ್ತಾಗುವಷ್ಟು ಸಮಯವನ್ನು ನಿಮ್ಮ ವೇಗ ಕೊಡಲಿಲ್ಲ.

ಇಪ್ಪತ್ತೈದು ಅಂದರೆ ನಿಧಾನ ಅನ್ನುವುದು ಎದುರು ಖಾಲಿ ಇರುವ ನೇರ ರಸ್ತೆಗೆ ಸರಿ. ಗೋಡೆ ಮುಚ್ಚಿದ ಮೂಲೆಗೆ ಅದು ಜಾಸ್ತಿ. ಅಲ್ಲಿ ಬೇಕಾದ್ದು ನಡಿಗೆಯ ವೇಗ, ಗಂಟೆಗೆ ಐದು ಕಿಲೋಮೀಟರ್. ನನ್ನ ಹತ್ತಿರ ಕಲಿಯುವವರಿಗೆ ನಾನು ಹೇಳಿಕೊಡುವುದು ಹೀಗೆ. ಮೂಲೆಗೆ ಮೂರು ನಾಲ್ಕು ಮನೆ ಇರುವಾಗಲೇ ಆಕ್ಸಿಲರೇಟರ್ ಬಿಡಿ, ಸೆಕೆಂಡ್ ಗೇರಿಗೆ ಬನ್ನಿ. ಮೂಗು ಗೋಡೆಯ ಸಾಲಿಗೆ ಬಂದಾಗ ಫಸ್ಟ್ ಗೇರ್, ಕ್ಲಚ್ ಅರ್ಧ, ಬಲಗಾಲು ಬ್ರೇಕ್ ಮೇಲೆ. ಮೊದಲು ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ. ಆಮೇಲೆ ಬರೀ ಒಂದು ಮೀಟರ್ ಮುಂದೆ ತೆವಳಿ.

ಆ ಒಂದು ಮೀಟರ್‌ನಲ್ಲಿ ಆಗುವುದನ್ನು ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಮೂಗು ಗೋಡೆಯ ಸಾಲಿನಲ್ಲಿದ್ದಾಗ ಬಲಗಡೆ ಹನ್ನೊಂದು ಮೀಟರ್ ಕಾಣುತ್ತಿತ್ತು ಅಲ್ವಾ? ಒಂದೇ ಮೀಟರ್ ಮುಂದೆ ಬಂದರೆ ಹದಿನೇಳೂವರೆ ಮೀಟರ್ ಕಾಣುತ್ತದೆ. ಕಣ್ಣು ಗೋಡೆಯ ಅಂಚಿಗೆ ಹತ್ತಿರವಾದಷ್ಟೂ ನೋಟ ಬೇಗ ಬೇಗ ಬಿಚ್ಚಿಕೊಳ್ಳುತ್ತದೆ. ಬರುವವನು ಗೋಡೆಗೆ ತೀರಾ ಒತ್ತಿಕೊಂಡು ಬರದಿದ್ದರೆ ನಿಮ್ಮ ಬಾನೆಟ್ ಇನ್ನೂ ಅವನ ದಾರಿಗೆ ಅಡ್ಡ ಬಂದಿರುವುದಿಲ್ಲ. ಆ ವೇಗದಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡಿದ್ದರೆ, ಕಾರು ಒಂದು ಮೀಟರ್ ಒಳಗೇ ನಿಲ್ಲುತ್ತದೆ. ಹುಡುಗ ಮುಂದೆ ಹಾದು ಹೋಗುತ್ತಾನೆ. ಹೋಗುವಾಗ ನಿಮ್ಮನ್ನು ಗುರಾಯಿಸಬಹುದು, ಅಷ್ಟೇ.

ಮೂಲೆಯಲ್ಲಿ ಗಾಡಿ ನಿಲ್ಲಿಸಿದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಬಲಗಡೆ ಗೋಡೆಗೆ ಒತ್ತಿ ಒಂದು ಎತ್ತರದ ಕಾರು ನಿಂತಿದ್ದರೆ ಗೋಡೆಯೇ ಎರಡು ಮೀಟರ್ ರಸ್ತೆಯೊಳಗೆ ಬಂದ ಹಾಗೆ. ಆಗ ಕಾಣುವುದು ಇನ್ನೂ ಕಡಿಮೆ, ತೆವಳಬೇಕಾದ್ದು ಇನ್ನೂ ಜಾಸ್ತಿ. ಜಂಕ್ಷನ್‌ನಲ್ಲಿ, ಅದರ ಹತ್ತಿರ ಗಾಡಿ ನಿಲ್ಲಿಸಬಾರದು ಅಂತ ನಿಯಮ ಇರುವುದು ಇದಕ್ಕೇ. ನಿಮ್ಮ ಅಪಘಾತದ ದಿನ ಅಲ್ಲಿ ಯಾವುದಾದರೂ ಗಾಡಿ ನಿಂತಿತ್ತಾ ಅಂತ ನೆನಪು ಮಾಡಿಕೊಳ್ಳಿ. ಫೋಟೋ ಇದ್ದರೆ ಇಟ್ಟುಕೊಳ್ಳಿ.

ಈಗ ನಿಮ್ಮ ಎರಡನೇ ವಾದ, ಗುದ್ದಿದ್ದು ಅವನೇ ಅನ್ನುವುದು. ಗುದ್ದಿಸಿಕೊಂಡ ಜಾಗ ಹೇಳುವುದು ಯಾರು ಒಂದು ಗಳಿಗೆ ಮೊದಲು ಒಳಗೆ ಬಂದರು ಅನ್ನುವುದನ್ನು. ಯಾರು ಕಾಯಬೇಕಿತ್ತು ಅನ್ನುವುದನ್ನು ಅದು ಹೇಳುವುದಿಲ್ಲ. ದಾರಿ ಬಿಡಬೇಕಾದವರು ಬಿಡದೆ ಮುಂದೆ ಬಂದರೆ, ಬಹಳ ಸಲ ಪೆಟ್ಟು ಬೀಳುವುದು ಅವರ ಬಾಗಿಲಿಗೇ. ಎಡಗಡೆಯವರು ಅಡ್ಡ ಬಂದರು, ಬಲಗಡೆಯವರು ಹೋಗಿ ತಗುಲಿದರು, ಅಷ್ಟೇ. ನಾನೂ ಚಿಕ್ಕ ವಯಸ್ಸಿನಲ್ಲಿ ಹೀಗೇ ಒಂದು ಡೆಲಿವರಿ ವ್ಯಾನಿಗೆ ಪಕ್ಕ ಕೊಟ್ಟು, ‘ಗುದ್ದಿದವನು ನೀನು’ ಅಂತ ಅರ್ಧ ಗಂಟೆ ಜಗಳವಾಡಿದ್ದೆ. ವ್ಯಾನ್ ನನ್ನ ಬಲಗಡೆಯಿಂದ ಬಂದಿತ್ತು. ಪಾಪ, ಆ ಡ್ರೈವರಿಗೂ ಈ ನಿಯಮ ಗೊತ್ತಿರಲಿಲ್ಲ. ನನ್ನ ಮುರಿದ ಇಂಡಿಕೇಟರಿಗೆ ದುಡ್ಡು ಕೊಟ್ಟು ಹೋದ.

ಹಾಗಾದರೆ ಹುಡುಗನ ತಪ್ಪೇ ಇಲ್ಲವಾ? ಇದೆ, ಇರಬಹುದು. ಎಂಟನೇ ನಿಯಮ ಅಂತ ಮೊದಲು ಹೇಳಿದೆನಲ್ಲ, ಆ ಕರ್ತವ್ಯ ಇಬ್ಬರಿಗೂ ಒಂದೇ. ಬಲಗಡೆಯಿಂದ ಬರುವವನೂ ಮೂಲೆಯಲ್ಲಿ ನಿಧಾನ ಮಾಡಬೇಕು. ದಾರಿ ಅವನದು ಅಂದರೆ ನೀವು ಬಿಡಬೇಕು ಅಂತ ಅರ್ಥ, ಅವನು ನೋಡದೆ ನುಗ್ಗಬಹುದು ಅಂತಲ್ಲ. ಮೂವತ್ತರಲ್ಲಿ ಬರುವ ಗಾಡಿಗೆ, ಒಳ್ಳೆಯ ಬ್ರೇಕ್ ಇದ್ದು ಓಡಿಸುವವನು ಎಚ್ಚರವಾಗಿದ್ದರೂ, ನಿಲ್ಲುವುದಕ್ಕೆ ಸುಮಾರು ಹದಿನಾಲ್ಕು ಮೀಟರ್ ಬೇಕು. ಆ ಮೂಲೆಯಲ್ಲಿ ಅವನಿಗೂ ಅಷ್ಟು ದೂರ ಕಾಣುತ್ತಿರಲಿಲ್ಲ. ಕಾಣದ ಜಾಗಕ್ಕೆ ನಿಲ್ಲಲಾಗದ ವೇಗದಲ್ಲಿ ಬಂದಿದ್ದರೆ ಅದು ಅವನ ಪಾಲಿನ ತಪ್ಪು. ನಾನು ಹೆಚ್ಚುಕಡಿಮೆ ಅಂದದ್ದು ಇದಕ್ಕೇ.

ಅವನಿಗೆ ಪೆಟ್ಟಾಗಿ ವಿಷಯ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋದರೆ, ಅಲ್ಲಿ ತಪ್ಪನ್ನು ಹೀಗೇ ಪಾಲು ಮಾಡುತ್ತಾರೆ. ಸುಮ್ನೆ ಒಂದು ಉದಾಹರಣೆ: ಪರಿಹಾರ 4 ಲಕ್ಷ ಅಂತ ಲೆಕ್ಕವಾಗಿ, ಹುಡುಗನ ಪಾಲಿನ ತಪ್ಪು ನಾಲ್ಕರಲ್ಲಿ ಒಂದು ಅಂತ ಮಂಡಳಿ ಕಂಡುಕೊಂಡರೆ, ಅವನಿಗೆ ಸಿಗುವುದು 3 ಲಕ್ಷ. ಅದನ್ನು ನಿಮ್ಮ ಥರ್ಡ್ ಪಾರ್ಟಿ ವಿಮೆ ಕಂಪನಿ ಕಟ್ಟುತ್ತದೆ. ಮಂಡಳಿ ನೋಡುವ ಕಾಗದಗಳು ಮುಖ್ಯವಾಗಿ ಎಫ್‌ಐಆರ್, ಸ್ಪಾಟ್ ಮಹಜರು, ಸ್ಕೆಚ್, ಮೋಟಾರು ವಾಹನ ನಿರೀಕ್ಷಕರ ವರದಿ. ಇವುಗಳಲ್ಲಿ ಸ್ಕೆಚ್ ಮೇಲೆ ಕಣ್ಣಿಡಿ. ಅದರಲ್ಲಿ ಯಾರು ಯಾವ ಕಡೆಯಿಂದ ಬಂದರು, ರಸ್ತೆಗಳ ಅಗಲ ಎಷ್ಟು, ಗುದ್ದಿದ ಜಾಗ ಅಂಚಿನಿಂದ ಎಷ್ಟು ದೂರ ಅನ್ನುವುದು ಸರಿಯಾಗಿ ಬಂದಿರಬೇಕು. ಬರೀ ‘7ನೇ ಮೇನ್ ಮತ್ತು 4ನೇ ಕ್ರಾಸ್ ಕೂಡುವಲ್ಲಿ’ ಅಂತ ಬರೆದು ಬಾಣದ ಗುರುತು ಹಾಕದಿದ್ದರೆ, ಓದುವವರು ನಿಮ್ಮ ಹಾಗೇ ಮೇನ್ ಅಂದರೆ ದೊಡ್ಡ ರಸ್ತೆ ಅಂದುಕೊಳ್ಳಬಹುದು. ಅದರಿಂದ ಈ ಸಲ ನಿಮಗೆ ಲಾಭವಾಗಬಹುದು, ಆದರೆ ಅದು ಸರಿಯಲ್ಲ.

ನಿಮ್ಮ ಬಾಗಿಲಿನ ರಿಪೇರಿಗೆ ಇದ್ಯಾವುದರ ತಲೆನೋವೂ ಬೇಡ. ಫುಲ್ ಇನ್ಶೂರೆನ್ಸ್ ಇದ್ದರೆ ತಪ್ಪು ಯಾರದಾದರೂ ನಿಮ್ಮ ಕಂಪನಿಯಿಂದಲೇ ಕ್ಲೇಮ್ ಮಾಡಬಹುದು. ದಂಡದ ವಿಷಯಕ್ಕೆ ಬಂದರೆ, ಚಾಲನಾ ನಿಯಮ ಮುರಿದರೆ 500ರಿಂದ 1000 ರೂಪಾಯಿ ಅಂತ 2019ರ ತಿದ್ದುಪಡಿಯಲ್ಲಿ ಸೇರಿಸಿದ್ದಾರೆ. ಬಲಗಡೆಯವರಿಗೆ ದಾರಿ ಬಿಡಲಿಲ್ಲ ಅಂತ ದಂಡ ಕಟ್ಟಿದ ಒಬ್ಬರನ್ನೂ ನಾನಂತೂ ಇದುವರೆಗೆ ಭೇಟಿ ಮಾಡಿಲ್ಲ.

ನಿಯಮ ಗೊತ್ತಿದ್ದರೂ ನಮ್ಮ ರಸ್ತೆಯಲ್ಲಿ ಅದು ಕೈಕೊಡುವ ಜಾಗಗಳಿವೆ. ನಾಲ್ಕೂ ಕಡೆಯಿಂದ ಒಂದೇ ಹೊತ್ತಿಗೆ ನಾಲ್ಕು ಗಾಡಿ ಬಂದರೆ ಎಲ್ಲರ ಬಲಗಡೆಯೂ ಒಬ್ಬರಿರುತ್ತಾರೆ. ನಿಯಮದ ಪ್ರಕಾರ ನಾಲ್ವರೂ ಕಾಯುತ್ತಾ ನಿಲ್ಲಬೇಕು. ಬೆಂಗಳೂರಿನಲ್ಲಿ ಹಾಗೆ ನಾಲ್ವರೂ ನಿಂತದ್ದನ್ನು ನಾನು ನೋಡಿಲ್ಲ ಬಿಡಿ. ಅಂಥ ಕಡೆ ಒಬ್ಬರು ಕೈ ಬೀಸಿ ‘ನೀವು ಹೋಗಿ’ ಅನ್ನಬೇಕು. ಒಬ್ಬರು ದಾಟಿದ ತಕ್ಷಣ ಅವರ ಎಡಗಡೆಯಲ್ಲಿ ಕಾಯುತ್ತಿದ್ದವರಿಗೆ ಬಲಗಡೆ ಖಾಲಿಯಾಗುತ್ತದೆ, ಅಲ್ಲಿಂದ ಸರಪಳಿ ತಾನೇ ಬಿಚ್ಚುತ್ತದೆ. ಎದುರುಬದುರು ಬಂದವರಿಗೂ ಬಲ ಎಡ ಅನ್ನುವುದಿಲ್ಲ. ಅಲ್ಲಿ ಬಲಕ್ಕೆ ತಿರುಗುವವರು ಕಾದು, ನೇರ ಹೋಗುವವರನ್ನು ಬಿಡಬೇಕು. ಸರ್ಕಲ್ ಇದ್ದರೆ ಒಳಗೆ ಸುತ್ತುತ್ತಿರುವವರಿಗೆ ದಾರಿ. ಅವರು ಬರುವುದೂ ನಿಮ್ಮ ಬಲಗಡೆಯಿಂದಲೇ, ಆದ್ದರಿಂದ ಬೇರೆ ಏನೂ ನೆನಪಿಟ್ಟುಕೊಳ್ಳಬೇಕಿಲ್ಲ. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಯಾವ ಕಡೆಯಿಂದ ಬಂದರೂ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ.

ಇನ್ನೊಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ನೇರ ಹೋಗುತ್ತೇನೆ ಅಂತ ತೋರಿಸಲು ಜಂಕ್ಷನ್‌ನಲ್ಲಿ ನಾಲ್ಕೂ ಇಂಡಿಕೇಟರ್ ಹಾಕುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಬಲಗಡೆಯ ಕ್ರಾಸ್‌ನಿಂದ ನೋಡುವವನಿಗೆ ನಿಮ್ಮ ಕಾರಿನ ಬಲಪಕ್ಕ ಮಾತ್ರ ಕಾಣುತ್ತದೆ. ಅವನಿಗೆ ಕಾಣುವುದು ಮಿಣುಕುವ ಒಂದು ಬಲ ಇಂಡಿಕೇಟರ್. ಈ ಕಾರು ನನ್ನ ಕಡೆಗೆ ತಿರುಗುತ್ತಿದೆ ಅಂದುಕೊಳ್ಳುತ್ತಾನೆ. ಎಡಗಡೆಯವನು ಎಡಕ್ಕೆ ತಿರುಗುತ್ತಿದೆ ಅಂದುಕೊಳ್ಳುತ್ತಾನೆ. ಇಬ್ಬರಿಗೂ ಸುಳ್ಳು ಹೇಳಿದ ಹಾಗಾಯಿತು. ನೇರ ಹೋಗುವವರು ಯಾವ ಇಂಡಿಕೇಟರೂ ಹಾಕಬೇಕಿಲ್ಲ. ಹೆಡ್‌ಲೈಟ್ ಮಿಂಚಿಸುವುದೂ ಅಷ್ಟೇ. ಇಲ್ಲಿ ಅದರ ಅರ್ಥ ‘ನಾನು ಬರುತ್ತಿದ್ದೇನೆ, ನಿಲ್ಲು’ ಅಂತ. ಕೆಲವರು ಅದನ್ನೇ ‘ನೀನು ಹೋಗು’ ಅಂತಲೂ ಬಳಸುತ್ತಾರೆ. ಎರಡು ಅರ್ಥವಿರುವ ಸನ್ನೆಯನ್ನು ನಂಬಿ ಮುಂದೆ ಹೋಗಬೇಡಿ. ರಾತ್ರಿ ಹೊತ್ತು ಮಾತ್ರ ಮೂಲೆಗೆ ಬರುವ ಮುಂಚೆ ಒಂದು ಸಲ ಮಿಂಚಿಸಿದರೆ ಉಪಯೋಗವಿದೆ, ಬೆಳಕು ಗೋಡೆಯ ಆಚೆ ಬಿದ್ದು ಅಡ್ಡ ಬರುವವನಿಗೆ ನೀವಿರುವುದು ಗೊತ್ತಾಗುತ್ತದೆ. ಹಾರ್ನ್ ಕೂಡ ಇಷ್ಟೇ ಕೆಲಸ ಮಾಡುವುದು. ಹಾರ್ನ್ ಹೊಡೆದ ಮೇಲೆ ದಾರಿ ನನ್ನದು ಅಂದುಕೊಂಡು ಬ್ರೇಕ್‌ನಿಂದ ಕಾಲು ತೆಗೆದರೆ, ಹೊಡೆಯದಿದ್ದರೇ ವಾಸಿ.

ನೀವೂ ಅಕ್ಕಪಕ್ಕದ ಮನೆಯವರೂ ಸೇರಿ ಆ ಮೂಲೆಗೆ ಏನಾದರೂ ಮಾಡಿಸಬೇಕು ಅಂತಿದ್ದರೆ, ಹಂಪ್ ಕೇಳುವ ಮೊದಲು ಸ್ಟಾಪ್ ಬೋರ್ಡ್ ಮತ್ತು ಬಿಳಿ ಗೆರೆ ಕೇಳಿ. ಪಾಲಿಕೆಗೂ ಸಂಚಾರ ಪೊಲೀಸರಿಗೂ ಒಂದೇ ಅರ್ಜಿಯ ಎರಡು ಪ್ರತಿ ಕೊಡಿ. ಅದರ ಜೊತೆ ಕಾರಿನಲ್ಲಿ ಕೂತು ಕಣ್ಣಿನ ಎತ್ತರದಲ್ಲಿ ನಾಲ್ಕೂ ಕಡೆಯಿಂದ ತೆಗೆದ ಫೋಟೋ ಇಡಿ. ಯಾವ ರಸ್ತೆಯಿಂದ ಬಂದರೆ ಅಡ್ಡ ರಸ್ತೆ ಕಡಿಮೆ ಕಾಣುತ್ತದೋ ಆ ರಸ್ತೆಗೆ ಬೋರ್ಡ್ ಹಾಕುವುದು ಒಳ್ಳೆಯದು. ಬಳ್ಳಿಯ ಗೋಡೆ ಇರುವ ಮನೆಯವರನ್ನು ಕೇಳಿ, ಮೂಲೆಯಲ್ಲಿ ಒಂದೆರಡು ಮೀಟರ್ ಬಳ್ಳಿ ಕತ್ತರಿಸಿದರೆ ಬೋರ್ಡ್ ಬರುವ ತನಕ ಅದೇ ಸಾಕಾಗಬಹುದು. ಬೋರ್ಡ್ 4ನೇ ಕ್ರಾಸ್‌ನ ಬಾಯಿಗೆ ಬಿದ್ದರೆ, ಆ ದಿನದಿಂದ ನನ್ನ ಉತ್ತರ ತಿರುಗುತ್ತದೆ. ಆಮೇಲೆ ಅದೇ ಹುಡುಗ ಅದೇ ಬಲಗಡೆಯಿಂದ ಬಂದರೂ ನಿಲ್ಲಬೇಕಾದವನು ಅವನು.